ಮೊತ್ತ ಸರಿಯಿತ್ತು

ಲೆಕ್ಕದ ಕೆಲಸಕ್ಕೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳು ಒಬ್ಬಿಬ್ಬರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತ, ‘ಅಮ್ಮ, ತಪ್ಪು ಬರದ ಹಾಗೆ ಏನು ಮಾಡಬೇಕು?’ ಎಂದು ಕೇಳುತ್ತಾರೆ. ಮೇಲಿನಿಂದ ಕೆಳಕ್ಕೆ ಕೂಡಿದ್ದನ್ನು ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ ಕೂಡಿ ಎನ್ನುತ್ತೇನೆ. ಯಾರನ್ನು ಕೇಳಿದರೂ ಹೇಳುವ ಮಾತು ಅದು. ಆದರೆ ಎಷ್ಟು ಸಲ ಕೂಡಿದರೂ ಸಿಗದ ತಪ್ಪು ಒಂದಿದೆ. ಅದನ್ನು ಹೇಳಲು ಸಮಯ ಬೇಕು, ಕಾಫಿ ಅಷ್ಟರಲ್ಲಿ ಮುಗಿದಿರುತ್ತದೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಕರ್ನಾಟಕ ಒಂದಾಗುವ ಮೊದಲಿನ ಮಾತು, ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತ್ಯದ ಕಡೆ ಇತ್ತು. ಪಕ್ಕದ ಯಳಂದೂರು ಮೈಸೂರಿನ ಕಡೆ. ನಮ್ಮದು ರೇಷ್ಮೆ ನೇಕಾರರ ಸಂಘ. ಸಂತೆ ಬೀದಿಗೆ ಬೆನ್ನು ಮಾಡಿದ ಒಂದು ಹೆಂಚಿನ ಮನೆಯಲ್ಲಿ ಕಚೇರಿ, ಹಿಂದಿನ ಕೋಣೆಯಲ್ಲಿ ನೂಲಿನ ಉಗ್ರಾಣ, ಮುಂದೆ ಉದ್ದನೆಯ ಜಗಲಿ. ಯಳಂದೂರಿನ ಕಡೆಯಿಂದ ನೂಲು ಗಡಿ ದಾಟಿ ಬರುತ್ತಿತ್ತು. ಮೂರು ತಿಂಗಳಿಗೊಮ್ಮೆ ಬಂದರೆ ಬಂತು, ಮತ್ತೆ ಮೂರು ತಿಂಗಳು ಕಾಯಬೇಕು. ಬಂದ ನೂಲನ್ನು ನಡೆಯುತ್ತಿರುವ ಮಗ್ಗಗಳಿಗೆ ಊರುವಾರು ಹಂಚುವುದು, ನೇಯ್ದ ಸೀರೆಯನ್ನು ತೂಕ ನೋಡಿ ತೆಗೆದುಕೊಂಡು ಮಜೂರಿ ಕೊಡುವುದು ಸಂಘದ ಕೆಲಸ. ಎಲ್ಲದರ ಲೆಕ್ಕ ನನ್ನದು. ಹೆಂಗಸು ಲೆಕ್ಕ ಬರೆಯುವುದು ಆ ಬೀದಿಯಲ್ಲಿ ಅದೇ ಮೊದಲು. ಮೊದಲ ಆರು ತಿಂಗಳು ಜನ ಜಗಲಿಯಲ್ಲಿ ನಿಂತು ನನ್ನನ್ನು ನೋಡುತ್ತಿದ್ದರು. ಆಮೇಲೆ ‘ಲೆಕ್ಕದಮ್ಮ’ ಎಂದು ಹೆಸರಿಟ್ಟು ಸುಮ್ಮನಾದರು.

ಆಗಿನ ಕಚೇರಿ ಹೇಗಿತ್ತು ಎಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪು ನಿಮಗೆ ಅರ್ಥವಾಗುವುದಿಲ್ಲ. ಗುಂಡುಪಿನ್ನು ಕೊಳ್ಳುವುದು ದಂಡ ಎಂದು ನಮ್ಮ ಅಧ್ಯಕ್ಷರು ಶಿವಲಿಂಗಪ್ಪನವರು ಎಣಿಸಿದ್ದರು. ಕಾಗದಗಳನ್ನು ಜಾಲಿ ಮುಳ್ಳಿನಿಂದ ಚುಚ್ಚಿ ಕಟ್ಟು ಮಾಡುತ್ತಿದ್ದೆವು. ಜವಾನ ಕೆಂಚಯ್ಯ ವಾರಕ್ಕೊಮ್ಮೆ ಕೆರೆ ಏರಿಯಿಂದ ಒಂದು ಹಿಡಿ ಮುಳ್ಳು ಮುರಿದುಕೊಂಡು ಬರುತ್ತಿದ್ದ. ಕಾಗದಕ್ಕೂ ಬರವೇ. ಒಂದು ಬದಿ ಟೈಪಾದ ಹಾಳೆ ಬೇಡವಾದರೆ ಅದನ್ನು ಹರಿದು ಎಸೆಯುವಂತಿಲ್ಲ. ಬೋರಲು ಹಾಕಿ ಇಟ್ಟುಕೊಂಡು, ನಾಲ್ಕು ತುಂಡು ಮಾಡಿ, ಖಾಲಿ ಬದಿಯಲ್ಲಿ ನೂಲಿನ ಚೀಟಿ ಬರೆಯಬೇಕು. ಅಧ್ಯಕ್ಷರು ತಮ್ಮ ಮಗಳ ಮದುವೆಯ ಕರೆಯೋಲೆಯ ಹಿಂಬದಿಯಲ್ಲೂ ಸುಣ್ಣದ ಲೆಕ್ಕ ಬರೆದವರು. ನಾನೂ ಅದನ್ನೇ ಕಲಿತೆ. ಈಗಲೂ ಬೆಂಕಿಪೊಟ್ಟಣವನ್ನು ಬಿಚ್ಚಿ ಒಳಬದಿಯಲ್ಲಿ ಹಾಲಿನ ಲೆಕ್ಕ ಬರೆಯುತ್ತೇನೆ, ಸೊಸೆ ನಗುತ್ತಾಳೆ.

ಇನ್ನೊಂದು ಪದ್ಧತಿ. ಸಭೆಗೆ ಇಡುವ ತಖ್ತೆಯ, ಅಂದರೆ ಹಂಚಿಕೆಯ ಪಟ್ಟಿಯ, ನೆತ್ತಿಯಲ್ಲಿ ಸಭೆಯ ದಿನವನ್ನು ಹಾಕುತ್ತಿದ್ದೆವು, ಟೈಪು ಮಾಡಿದ ದಿನವನ್ನಲ್ಲ. ಯಾರು ಹಾಗೆ ಶುರು ಮಾಡಿದರೋ ತಿಳಿಯದು. ಅದರಲ್ಲಿ ಕೆಡುಕಿದೆ ಎಂದು ಯಾರಿಗೂ ತೋಚಿರಲಿಲ್ಲ.

ಆ ಸಲ ನೂಲು ಕಡಿಮೆ ಬಂದಿತ್ತು. ಮುಳ್ಳೂರಿನ ಪಾಲಿಗೆ ತೊಂಬತ್ತು ರಾತಲು, ಈಗಿನ ಲೆಕ್ಕದಲ್ಲಿ ನಲವತ್ತು ಕಿಲೋ ಚಿಲ್ಲರೆ. ನಮ್ಮ ನಿಯಮ ಏನೆಂದರೆ, ಎರಡು ತಿಂಗಳು ಒಂದು ಸೀರೆಯನ್ನೂ ಇಳಿಸದ ಮಗ್ಗ ನಿಂತ ಮಗ್ಗ. ಅದಕ್ಕೆ ನೂಲಿಲ್ಲ, ಅದರ ಪಾಲು ಆ ಊರಿನ ಮಿಕ್ಕ ಮಗ್ಗಗಳಿಗೆ. ಖಾತೆ ತೆಗೆದು ನೋಡಿದರೆ ಮುಳ್ಳೂರಿನ ಹತ್ತು ಮಗ್ಗದಲ್ಲಿ ಒಂದು ನಿಂತಿತ್ತು, ಸಿದ್ದಮ್ಮ ಎಂಬಾಕೆಯದು. ಗಂಡ ತೀರಿಕೊಂಡು ಐದಾರು ತಿಂಗಳಾಗಿದ್ದ ಹೆಂಗಸು. ಮಗ್ಗದಲ್ಲಿ ಕೂರುವವರಿಲ್ಲ ಎಂದುಕೊಂಡೆ. ಒಂಬತ್ತು ಮಗ್ಗಕ್ಕೆ ತಲಾ ಹತ್ತು ರಾತಲು ಎಂದು ಹಾಕಿ, ನಡುವೆ ಕರಿ ಕಾರ್ಬನ್ ಹಾಳೆ ಸೇರಿಸಿ ಐದು ಪ್ರತಿ ಟೈಪು ಮಾಡಿದೆ. ಅಧ್ಯಕ್ಷರೂ ಸೇರಿ ಐವರು ನಿರ್ದೇಶಕರಿಗೆ ಐದು ಪ್ರತಿ.

ಮುಗಿಸಿದ ಮೇಲೆ ಒಂದು ಸಂಗತಿ ಕಾಡತೊಡಗಿತು. ಸಿದ್ದಮ್ಮನ ಮೈದುನ ಚಿಕ್ಕಣ್ಣನ ಖಾತೆಯಲ್ಲಿ ಅಷ್ಟೊಂದು ಸೀರೆ ಹೇಗೆ ಬಂದವು? ಒಬ್ಬ ಮನುಷ್ಯ ಊಟ ನಿದ್ದೆ ಬಿಟ್ಟು ಲಾಳಿ ಎಸೆದರೂ ಒಂದು ಮಗ್ಗದಲ್ಲಿ ಅಷ್ಟು ಇಳಿಯುವುದಿಲ್ಲ. ಮರುದಿನ ಮುಳ್ಳೂರಿಗೆ ಹೋಗುವ ಗಾಡಿ ಹತ್ತಿದೆ. ಸಿದ್ದಮ್ಮ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿಕೊಂಡು ಕುಳಿತಿದ್ದಳು. ಗಂಡ ಇದ್ದಾಗ ದಾರ ಸುತ್ತಿಕೊಡುತ್ತಿದ್ದವಳು ಈಗ ತಾನೇ ನೇಯುತ್ತಿದ್ದಳು. ಅವಳ ಸೀರೆಯನ್ನೂ ತನ್ನ ಸೀರೆಯನ್ನೂ ಚಿಕ್ಕಣ್ಣ ಒಂದೇ ಗಂಟಿನಲ್ಲಿ ತಂದು ಒಪ್ಪಿಸುತ್ತಿದ್ದ. ನಮ್ಮ ಕಚೇರಿಯಲ್ಲಿ ಎಲ್ಲವನ್ನೂ ಅವನ ಹೆಸರಿಗೇ ಜಮಾ ಮಾಡಿದ್ದರು. ಮಜೂರಿಯಲ್ಲಿ ಅವಳ ಪಾಲನ್ನು ಅವನು ಸರಿಯಾಗಿ ಕೊಡುತ್ತಿದ್ದ, ಅದರಲ್ಲಿ ಮೋಸವಿರಲಿಲ್ಲ. ಖಾತೆಯಲ್ಲಿ ಮಾತ್ರ ಅವಳ ಮಗ್ಗ ಸತ್ತಿತ್ತು.

ವಾಪಸು ಬಂದು ಎರಡನೆಯ ತಖ್ತೆ ಟೈಪು ಮಾಡಿದೆ. ಹತ್ತು ಮಗ್ಗಕ್ಕೆ ತಲಾ ಒಂಬತ್ತು ರಾತಲು. ನೆತ್ತಿಯಲ್ಲಿ ಅದೇ ಸಭೆಯ ದಿನ, ಕೆಳಗೆ ಅದೇ ನನ್ನ ಸಹಿ. ಗಮನಿಸಿ: ಒಂಬತ್ತು ಹತ್ತಲೆ ತೊಂಬತ್ತು, ಹತ್ತು ಒಂಬತ್ತಲೆಯೂ ತೊಂಬತ್ತು.

ಹಳೆಯ ಕಟ್ಟು, ಹೊಸ ಕಟ್ಟು ಎರಡನ್ನೂ ಮುಳ್ಳು ಚುಚ್ಚಿ ಮೇಜಿನ ಮೇಲೆ ಬೋರಲು ಇಟ್ಟೆ. ಕೆಂಚಯ್ಯನಿಗೆ, ‘ಮೇಲಿನದು ನಿರ್ದೇಶಕರಿಗೆ, ಕೆಳಗಿನದು ಚೀಟಿಗೆ’ ಎಂದೆ. ಅವನು ತಲೆಗೆ ಟವೆಲು ಸುತ್ತಿಕೊಳ್ಳುವಷ್ಟರಲ್ಲಿ ನನಗೆ ಕೊನೆಯದೊಂದು ಸಲ ತಾಳೆ ನೋಡಬೇಕೆನಿಸಿತು. ಕೈಗೆ ಬಂದ ಕಟ್ಟನ್ನು ತಿರುಗಿಸಿ ಮುಳ್ಳೂರಿನ ಮೊತ್ತ ನೋಡಿದೆ. ತೊಂಬತ್ತು. ಸರಿ ಇದೆ. ಆ ಕಟ್ಟನ್ನೇ ಮೇಲಿಟ್ಟೆ. ನಾನು ತಾಳೆ ನೋಡಿದ್ದು ಹಳೆಯದನ್ನು.

ಕೆಂಚಯ್ಯ ಊರೊಳಗಿನ ಪ್ರತಿಗಳನ್ನು ಕೊಟ್ಟು, ಹನೂರಿನ ನಂಜಪ್ಪನವರ ಪ್ರತಿಯನ್ನು ಬಸ್ಸಿನ ಕಂಡಕ್ಟರನ ಕೈಲಿ ಕಳಿಸಿ, ಮುಳ್ಳೂರಿನ ಮರಿಸ್ವಾಮಿಯವರಿಗೆ ಖುದ್ದಾಗಿ ಮುಟ್ಟಿಸಿ ಬಂದ. ಆಮೇಲೆ ಎರಡು ದಿನ ನಾನು ನಿಶ್ಚಿಂತೆಯಿಂದ ಇದ್ದೆ.

ಸಭೆಯ ದಿನ ಮಧ್ಯಾಹ್ನ. ಸಭೆ ಒಪ್ಪಿ ಠರಾವು ಆದ ಕೂಡಲೇ ನೂಲು ತೂಗಿ ಕೊಡುವುದು ವಾಡಿಕೆ. ಹಾಗಾಗಿ ಮುಳ್ಳೂರಿನವರು ಬುಟ್ಟಿ, ಬಟ್ಟೆಗಂಟು ಹಿಡಿದು ಜಗಲಿಯಲ್ಲಿ ಬಂದು ಕುಳಿತಿದ್ದರು. ಸಿದ್ದಮ್ಮನೂ ಮೂಲೆಯ ಕಂಬಕ್ಕೆ ಒರಗಿದ್ದಳು. ಒಳಗೆ ನಾಲ್ವರು ನಿರ್ದೇಶಕರು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಹನೂರಿನ ಬಸ್ಸು ಬರಬೇಕು, ನಂಜಪ್ಪನವರು ಇಳಿಯಬೇಕು, ಸಭೆ ಶುರುವಾಗಬೇಕು.

ಸಭೆಯ ವಿಷಯಗಳನ್ನು ಒಂದು ತುಂಡು ಕಾಗದದಲ್ಲಿ ಗುರುತು ಹಾಕಿಕೊಳ್ಳೋಣ ಎಂದು ಚೀಟಿಯ ಗುಡ್ಡೆಯಿಂದ ಒಂದು ಹಾಳೆ ಎಳೆದೆ. ಇನ್ನೂ ಕತ್ತರಿಸದ ಇಡೀ ಹಾಳೆ. ಶಾಯಿ ಹಿಂದಕ್ಕೆ ಮೂಡುತ್ತದೋ ಎಂದು ತಿರುಗಿಸಿ ನೋಡಿದೆ.

‘ಮುಳ್ಳೂರು. ಸಿದ್ದಮ್ಮ. ಒಂಬತ್ತು ರಾತಲು.’

ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಮತ್ತೊಮ್ಮೆ ಓದಿದೆ. ಇದು ಹೊಸ ತಖ್ತೆ. ಇದು ಚೀಟಿಯ ಗುಡ್ಡೆಯಲ್ಲಿದೆ. ಹಾಗಾದರೆ ಒಳಗೆ ಅವರ ಜೇಬಿನಲ್ಲಿರುವುದು?

“ಕೆಂಚಯ್ಯ, ಮಿಕ್ಕ ಹಾಳೆ ಎಲ್ಲಿ?”

“ಚೀಟಿ ಮಾಡಿವ್ನಲ್ಲ ಅಮ್ಮಾರೆ. ನೀವೇ ಯೋಳಿದ್ರಿ. ಅಗಾ, ದಾರ ಕಟ್ಟಿ ಮಡಗಿವ್ನಿ.”

ನೀಟಾಗಿ ನಾಲ್ಕು ತುಂಡು ಮಾಡಿದ ಚೀಟಿಗಳು. ಒಂದನ್ನು ತಿರುಗಿಸಿದರೆ ‘ಮುಳ್’ ಎಂದಿತ್ತು. ಮತ್ತೆ ಟೈಪು ಮಾಡಲು ಸಮಯವಿಲ್ಲ. ಐವರ ಕೈಯಲ್ಲಿ ಐದು ಹಳೆಯ ಪ್ರತಿ, ನನ್ನ ಕೈಯಲ್ಲಿ ಒಂದು ಹೊಸದು, ಮಿಕ್ಕದ್ದು ಚೂರು. ಸಂತೆ ಬೀದಿಯ ತಿರುವಿನಲ್ಲಿ ಹನೂರು ಬಸ್ಸಿನ ಹಾರನ್ನು ಕೇಳಿಸಿತು.

ಬಾಗಿಲ ಹತ್ತಿರ ಹೋಗಿ ಅಧ್ಯಕ್ಷರನ್ನು ಕಣ್ಣಲ್ಲೇ ಕರೆದೆ. ಶಿವಲಿಂಗಪ್ಪನವರು ಉಗ್ರಾಣದ ಕಡೆ ಬಂದರು. ಎರಡು ಮಾತಿನಲ್ಲಿ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದರು.

“ಮೊತ್ತ ಯತ್ವಾಸ ಆಯ್ತದಾ?”

“ಇಲ್ಲ ಯಜಮಾನ್ರೆ. ಮೊತ್ತ ಒಂದೇ.”

“ಅಂಗಾದ್ರೆ ಈಗ ಆಗೋಗ್ಲಿ ಬುಡಿ. ಮುಂದಿನ್ ನೂಲಲ್ಲಿ ಆಯಮ್ಮಂಗೆ ಒಂದೀಟು ಜಾಸ್ತಿ ಆಕಿ ಸರಿ ಮಾಡದು. ಈಗ ತಗುದ್ರೆ ನಿಮ್ ಮಾತ್ಗೆ ಬೆಲೆ ಓಯ್ತದೆ. ಹೆಂಗ್ಸು ಲೆಕ್ಕ ಅಂತ ಮೊದ್ಲೇ ಆಡ್ಕತಾರೆ.”

ಅವರು ಕೆಟ್ಟವರಲ್ಲ. ನನ್ನನ್ನು ಕೆಲಸಕ್ಕೆ ಸೇರಿಸಲು ನಾಲ್ವರೊಡನೆ ವಾದ ಮಾಡಿದವರು. ನನ್ನ ಮಾನ ಉಳಿಸಲೆಂದೇ ಹಾಗೆ ಹೇಳಿದರು. ಅದೇ ನನಗೆ ಕಷ್ಟವಾಯಿತು.

“ಯಜಮಾನ್ರೆ, ಠರಾವು ಆದ ತಕ್ಷಣ ನೂಲು ತೂಗ್ತೀವಿ. ಮನೆಗೆ ಹೋಗಿ ಹಾಸು ಹಾಕಿ ಮಗ್ಗಕ್ಕೆ ಏರಿಸಿದ ನೂಲನ್ನ ವಾಪಸ್ ಬಿಚ್ಕೊಂಡು ಬರೋಕಾಗಲ್ಲ. ಮೂರು ತಿಂಗಳು ಆ ಹೆಂಗಸು ಏನು ನೇಯ್ಬೇಕು?”

ಅವರು ಜಗಲಿಯ ಕಡೆ ನೋಡಿದರು. ನಂಜಪ್ಪನವರು ಚಪ್ಪಲಿ ಬಿಡುತ್ತಿದ್ದ ಸದ್ದು ಬಂತು.

“ನೀವೇ ಯೋಳಿ,” ಎಂದರು. “ನಾನ್ ಬಾಯ್ ಆಕಲ್ಲ.”

ಲೆಕ್ಕಿಗರು ಸಭೆಯಲ್ಲಿ ಗೋಡೆಯ ಪಕ್ಕ ಕೂರುವವರು. ಕೇಳಿದರೆ ಹೇಳಬೇಕು, ಇಲ್ಲದಿದ್ದರೆ ಬರೆಯಬೇಕು. ಅಂದು ಸಭೆಯ ನಡಾವಳಿ ಪುಸ್ತಕವನ್ನು ಎದೆಗವಚಿಕೊಂಡು ಎದ್ದು ನಿಂತೆ. ನೂಲಿನ ವಿಷಯವನ್ನು ತೆಗೆಯುವ ಮೊದಲೇ ಹೇಳಿದೆ: ನಿಮಗೆ ಕಳಿಸಿದ ತಖ್ತೆ ಹಳೆಯದು, ಕಳಿಸಿದ್ದು ನಾನು, ಸರಿಯಾದದ್ದು ಇದು, ವ್ಯತ್ಯಾಸ ಮುಳ್ಳೂರಿನದು ಮಾತ್ರ. ಹತ್ತನೆಯ ಮಗ್ಗ ಸೇರಬೇಕು, ಒಂಬತ್ತು ಮಗ್ಗದಿಂದ ತಲಾ ಒಂದು ರಾತಲು ಇಳಿಯಬೇಕು.

ಮುಳ್ಳೂರಿನ ಮರಿಸ್ವಾಮಿ ನಿಧಾನವಾಗಿ ತಮ್ಮ ಪ್ರತಿಯನ್ನು ಬಿಡಿಸಿ ಮೇಜಿನ ಮೇಲಿಟ್ಟರು. ಅವರೂ ನೇಕಾರರೇ, ಆ ಒಂಬತ್ತರಲ್ಲಿ ಒಂದು ಮಗ್ಗ ಅವರದು.

“ಇದ್ರಲ್ಲಿ ಸೈನು ಯಾರ್ದು?”

“ನಂದು.”

“ಅದ್ರಲ್ಲಿ?”

“ಅದ್ರಲ್ಲೂ ನಂದೇ.”

“ತಾರೀಖು?”

“ಎರಡರಲ್ಲೂ ಇವತ್ತಿಂದು.”

“ಅಂಗಾದ್ರೆ ಇದು ಹಳೇದು, ಅದು ಹೊಸ್ದು ಅಂತ ಯಾರ್ ಯೋಳ್ಬೇಕು? ನಾನು ಊರಲ್ಲಿ ಅತ್ತತ್ತು ರಾತ್ಲು ಅಂತ ಯೋಳಿವ್ನಿ. ಜನ ಅಳ್ತೆ ನೋಡ್ಕಂಡು ಕುಂತವ್ರೆ. ಈಗ ಓಗಿ ಒಂಬತ್ತು ಅನ್ಲಾ? ನಾಳೀಕ್ ಇನ್ನೊಂದ್ ಕಾಗ್ದ ತಂದು ಎಂಟು ಅಂದ್ರೆ?”

ಅವರು ಕೇಳಿದ್ದು ನ್ಯಾಯವಾಗಿತ್ತು. ಕಾಗದದ ಮೇಲೆ ಯಾವುದು ಮೊದಲು, ಯಾವುದು ಆಮೇಲೆ ಎಂದು ತೋರಿಸುವ ಒಂದು ಗುರುತೂ ಇರಲಿಲ್ಲ. ಐದು ಪ್ರತಿ ಒಂದು ಮಾತು ಹೇಳುತ್ತಿದ್ದವು, ಒಂದು ಪ್ರತಿ ಇನ್ನೊಂದು. ನಂಜಪ್ಪನವರು ಚೀಟಿಯ ಕಟ್ಟನ್ನು ತರಿಸಿ, ನಾಲ್ಕು ತುಂಡನ್ನು ಮೇಜಿನ ಮೇಲೆ ಜೋಡಿಸಿ ನೋಡಿದರು.

“ಅಲ್ಲಾ ಕಣಮ್ಮಣ್ಣಿ, ದೇವ್ರಿಗೆ ಹಳೇ ಹೂವ ಏರ್ಸಿ ಹೊಸ ಹೂವ ತಿಪ್ಪೆಗೆ ಆಕ್ದಂಗಾಯ್ತಲ್ಲ,” ಎಂದು ನಕ್ಕರು. ಮಿಕ್ಕ ಇಬ್ಬರೂ ನಕ್ಕರು. ಮರಿಸ್ವಾಮಿ ನಗಲಿಲ್ಲ.

“ನಗು ಆಮ್ಯಾಕ್ ಆಗ್ಲಿ. ನಮ್ಗೆ ಬಂದಿರದು ಈ ಕಾಗ್ದ. ಇದ್ನೇ ಠರಾವು ಮಾಡಿ. ಸಭೆ ಶುರುವಾಗೊತ್ಗೆ ಬದ್ಲಾಯಿಸಿದ್ ಕಾಗ್ದಕ್ಕೆ ನಾನು ಕೈ ಎತ್ತಕಿಲ್ಲ.”

ಅಧ್ಯಕ್ಷರು ನನ್ನ ಮುಖ ನೋಡಿದರು. ಹೇಳಲಿಲ್ಲವೇ ಎಂಬ ಹಾಗಿತ್ತು ಅದು. ಊರಿನ ಇಬ್ಬರು ನಿರ್ದೇಶಕರು ಹಳೆಯ ಪ್ರತಿಯನ್ನೇ ಮತ್ತೆ ಕೈಗೆತ್ತಿಕೊಂಡರು. ಮತಕ್ಕೆ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಗಿಲ ಸಂದಿನಲ್ಲಿ ಕಂಬಕ್ಕೆ ಒರಗಿದ್ದ ಸಿದ್ದಮ್ಮನ ಸೆರಗು ಕಾಣುತ್ತಿತ್ತು. ಅವಳಿಗೆ ಇದೊಂದೂ ಗೊತ್ತಿಲ್ಲ.

ಕಾಗದದಿಂದ ಆಗದ್ದನ್ನು ಕಾಗದದಿಂದಲೇ ಸಾಧಿಸಲು ಹೊರಟಿದ್ದೆ ಎಂದು ಆಗ ಹೊಳೆಯಿತು. ಕೈಲಿದ್ದ ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದೆ.

“ಮರಿಸ್ವಾಮಿಯವರೆ, ಎರಡೂ ಕಾಗದ ಬಿಡಿ. ಎರಡನ್ನೂ ನಂಬಬೇಡಿ. ನಿಮ್ಮ ಮನೆ, ಸಿದ್ದಮ್ಮನ ಮನೆ ಒಂದೇ ಬೀದಿ. ಆಕೆಯ ಮಗ್ಗ ನಡೀತಿದೆಯೋ ಇಲ್ಲವೋ, ಅದೊಂದು ಹೇಳಿ. ನಿಂತಿದೆ ಅಂದರೆ ಹಳೇ ತಖ್ತೆನೇ ಠರಾವು ಬರೀತೀನಿ.”

ಹಾಗೆ ಹೇಳಿದ ಮೇಲೆ ಭಯವಾಯಿತು. ‘ನಿಂತದೆ’ ಎಂದು ಅವರು ಒಂದು ಮಾತು ಹೇಳಿದ್ದರೆ ಹಳೆಯ ಹಂಚಿಕೆಯನ್ನು ನಾನೇ ನನ್ನ ಕೈಯಾರೆ ಬರೆಯಬೇಕಾಗುತ್ತಿತ್ತು.

ಹೊರಗೆ ಯಾರೋ ಕೆಮ್ಮಿದರು. ಮರಿಸ್ವಾಮಿ ತಮ್ಮ ಪ್ರತಿಯನ್ನು ಮಡಿಸಿದರು, ಬಿಡಿಸಿದರು.

“ನಡೀತದೆ,” ಎಂದರು.

ಅವರೇ ಮುಂದುವರಿಸಿದರು. “ಕೋಳಿ ಕೂಗೊತ್ಗೆ ಶುರು ಮಾಡ್ತಾಳೆ. ನಮ್ ಮನೇಗ್ ಕೇಳಿಸ್ತದೆ. ಕಾಗ್ದ ಬಂದ್ ದಿನ್ವೇ ನೋಡ್ದೆ ನಾನು, ಆಯಮ್ಮನ್ ಹೆಸ್ರಿಲ್ಲ ಅಂತ. ಲೆಕ್ಕದಮ್ಮ ಬರ್ದವ್ಳೆ, ನಾನ್ಯಾಕ್ ಬಾಯ್ ಬುಡ್ಲಿ ಅಂತ ಸುಮ್ಕಿದ್ದೆ. ನಂಗೂ ಒಂದ್ ರಾತ್ಲು ಬತ್ತಿತ್ತಲ್ಲ.”

ಆಮೇಲೆ ನನ್ನ ಕಡೆ ತಿರುಗಿದರು. “ಠರಾವು ಬರ್ಕಳಿ. ಆದ್ರೆ ಒಂದು. ಅತ್ತು ಅಂತ ನಾನ್ ಯೋಳಿವ್ನಿ, ಒಂಬತ್ತು ಅಂತ ನೀವೇ ಯೋಳ್ಬೇಕು. ಜಗ್ಲಿಗ್ ಬಂದು, ಎಲ್ರ ಮುಂದೆ.”

ಒಪ್ಪಿದೆ. ಮುಂದಿನ ಕೆಲಸವನ್ನು ಹೇಗೆ ಮಾಡಿದೆವು ಎಂಬುದನ್ನು ಗುರುತಿಟ್ಟುಕೊಳ್ಳಿ, ನಿಮಗೂ ಬೇಕಾದೀತು. ಮೊದಲು ಐದೂ ಹಳೆಯ ಪ್ರತಿಗಳನ್ನು ಎಣಿಸಿ ವಾಪಸು ತೆಗೆದುಕೊಂಡೆ. ಒಂದು ಪ್ರತಿ ಹೊರಗುಳಿದರೂ ಮುಂದೊಂದು ದಿನ ಅದು ಜಗಳವಾಗಿ ಬರುತ್ತದೆ. ಪ್ರತಿಯೊಂದರ ಮೇಲೂ ಮೂಲೆಯಿಂದ ಮೂಲೆಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ‘ರದ್ದು’ ಎಂದು ಬರೆದೆ. ಹೊಸ ಪ್ರತಿ ಒಂದೇ ಇದ್ದದ್ದರಿಂದ ನಂಜಪ್ಪನವರು ಅದನ್ನು ಗಟ್ಟಿಯಾಗಿ ಓದಿದರು, ಮಿಕ್ಕವರು ಕೇಳಿದರು, ಮುಳ್ಳೂರಿನ ಹತ್ತು ಹೆಸರನ್ನು ಎರಡು ಸಲ. ಐವರೂ ಅದರ ಮೇಲೇ ಸಹಿ ಹಾಕಿದರು. ನಡಾವಳಿ ಪುಸ್ತಕದಲ್ಲಿ ಠರಾವಿಗಿಂತ ಮೊದಲು, ಈ ಮುಂಚೆ ಕಳಿಸಿದ ತಖ್ತೆ ಲೆಕ್ಕಿಗರ ತಪ್ಪಿನಿಂದ ಹೋದದ್ದು, ಅದನ್ನು ಹಿಂದಕ್ಕೆ ಪಡೆಯಲಾಗಿದೆ, ವ್ಯತ್ಯಾಸ ಇಂತಿಂಥದ್ದು ಎಂದು ಬರೆದೆ. ‘ಲೆಕ್ಕಿಗರ ತಪ್ಪಿನಿಂದ’ ಎನ್ನುವುದನ್ನು ಬಿಡಿ ಎಂದು ಅಧ್ಯಕ್ಷರು ಮೆಲ್ಲಗೆ ಹೇಳಿದರು. ಬಿಟ್ಟರೆ ನಾಳೆ ಓದುವವರು ಮರಿಸ್ವಾಮಿಯವರದೋ ಚಿಕ್ಕಣ್ಣನದೋ ಎಂದುಕೊಳ್ಳುತ್ತಾರೆ ಎಂದೆ. ಅದು ಹಾಗೇ ಉಳಿಯಿತು.

ಅಂದಿನಿಂದ ನಮ್ಮ ಕಚೇರಿಯಲ್ಲಿ ಟೈಪು ಮಾಡಿದ ದಿನವನ್ನೂ ಹಾಕತೊಡಗಿದೆವು. ತಿದ್ದಿದರೆ ನೆತ್ತಿಯಲ್ಲಿ ‘ಎರಡನೆಯದು’ ಎಂದು ಬರೆದು, ಏನು ತಿದ್ದಿದೆವು ಎಂದು ಕೆಳಗೆ ಒಂದು ಸಾಲು. ಚೀಟಿಗೆ ಹೋಗುವ ಹಾಳೆಗೆ ಮೊದಲು ಕೆಂಪು ಗೆರೆ, ಆಮೇಲೆ ಕತ್ತರಿ. ಕೆಂಪು ಶಾಯಿಯ ಖರ್ಚು ಹೆಚ್ಚಾಯಿತು ಎಂದು ಅಧ್ಯಕ್ಷರು ವರ್ಷಗಟ್ಟಲೆ ಗೊಣಗಿದರು.

ಜಗಲಿಗೆ ಹೋದೆ. ಮರಿಸ್ವಾಮಿ ನನ್ನ ಹಿಂದೆ ಬಾಗಿಲಲ್ಲಿ ನಿಂತರು. ತಲಾ ಒಂಬತ್ತು ರಾತಲು, ಹತ್ತು ಎಂದು ಕಾಗದದಲ್ಲಿ ಬಂದದ್ದು ನನ್ನ ತಪ್ಪು ಎಂದೆ. ಗದ್ದಲವಾಯಿತು, ಮೂಲೆಯ ಕಂಬದವರೆಗೆ ನನ್ನ ಮಾತು ಮುಟ್ಟಲೇ ಇಲ್ಲ. ಹಣೆಯ ತುಂಬ ವಿಭೂತಿ ಬಳಿದಿದ್ದ ಒಬ್ಬರು, “ಅಡ್ಗೆ ಮನೇಲಿ ಉಪ್ಪು ಮರ್ತಂಗೆ ಇಲ್ಲೂ ಮರ್ತ್ರಾ ಅಮ್ಮಾರು?” ಎಂದರು. ಕೆಲವರು ನಕ್ಕರು. ತಲೆ ತಗ್ಗಿಸಿ ನಿಂತೆ. ಆಗ ಹಿಂದಿನಿಂದ ಮರಿಸ್ವಾಮಿ, “ಲೇ, ಉಪ್ಪು ಮರ್ತಿದ್ನ ಊಟಕ್ ಮುಂಚೆ ಯೋಳವ್ರೆ, ಸಾಕು, ಎದ್ದೇಳಿ. ಮೊದ್ಲು ನಂದು ತೂಗ್ಲಿ,” ಎಂದು ತಮ್ಮ ಬುಟ್ಟಿಯನ್ನು ತಕ್ಕಡಿಯ ಹತ್ತಿರ ಇಟ್ಟರು. ಕೆಂಚಯ್ಯ ಒಂಬತ್ತು ರಾತಲಿನ ಕಲ್ಲಿಟ್ಟ. ಅವರಾದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ಕೊನೆಗೆ ಸಿದ್ದಮ್ಮ ಬಂದಳು. ತೂಗಿ, ಚೀಟಿ ಬರೆದು ಕೊಟ್ಟೆ. ಇನ್ನು ಮೇಲೆ ಸೀರೆಯನ್ನು ಬೇರೆ ಗಂಟಿನಲ್ಲಿ ತರಬೇಕು, ನಿಮ್ಮ ಹೆಸರಿಗೇ ಜಮಾ ಮಾಡಿಸಬೇಕು ಎಂದು ಹೇಳಿದೆ. ಅವಳು ತಲೆಯಾಡಿಸಿ, ನೂಲಿನ ಗಂಟನ್ನು ಕೈಯಲ್ಲಿ ಎತ್ತಿ ಎತ್ತಿ ನೋಡಿದಳು. ಮುಖ ಸಪ್ಪಗಾಯಿತು.

“ಇದೇನವ್ವಾ ಇದು? ಓದ್ಸಲ ಅತ್ತು ರಾತ್ಲಿತ್ತು. ಗಂಡ್ನಿಲ್ಲದೋಳು ಅಂತ ನಂಗೆ ಕಮ್ಮಿ ಮಾಡ್ಬುಟ್ರಾ?”

ತಮ್ಮ ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದ ಮರಿಸ್ವಾಮಿ ತಲೆಯೆತ್ತಿ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ.

“ಎಲ್ರುಗೂ ಅಷ್ಟೇ ಕಣಕ್ಕ,” ಎಂದರು ಅವರು. “ನಡಿ, ಗಾಡಿ ಹೊಂಟೋಯ್ತದೆ.”

ಅವಳ ಗಂಟನ್ನೂ ತಮ್ಮ ಬುಟ್ಟಿಯ ಮೇಲೆ ಇರಿಸಿಕೊಂಡು ಇಳಿದರು. ಸಿದ್ದಮ್ಮ ಗೊಣಗುತ್ತಲೇ ಹಿಂದೆ ಹೋದಳು. ಒಂದು ರಾತಲಿನ ಆ ಗೊಣಗಾಟ ಸಂತೆ ಬೀದಿಯ ತಿರುವಿನವರೆಗೂ ನನಗೆ ಕೇಳಿಸುತ್ತಿತ್ತು.